ಕೊಯ್ಲು ಮುಗಿದರೂ ಇಳಿಯದ ಸುಸ್ತು

ಕಾಫಿ ತೋಟದ ರೈಟರ್ ಒಬ್ಬರು ಡಿಸೆಂಬರ್‌ನಲ್ಲಿ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದು ಸುಸ್ತು ಅಂದರೆ ನಾನು ಅಷ್ಟು ಗಾಬರಿಯಾಗುವುದಿಲ್ಲ. ಏಪ್ರಿಲ್‌ನಲ್ಲಿ ಬಂದು ಅದೇ ಮಾತು ಹೇಳಿದರೆ ಕೈಲಿದ್ದ ಕೆಲಸ ಬದಿಗಿಟ್ಟು ಕೇಳುತ್ತೇನೆ.

ಕಾರಣ ಇದೆ. ನಮ್ಮ ಚಿಕ್ಕಮಗಳೂರು ಕಡೆ ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರು. ಅದರ ಬೆನ್ನಿಗೇ ರೊಬಸ್ಟಾ. ಆ ನಾಲ್ಕು ತಿಂಗಳು ತೋಟದಲ್ಲಿ ಯಾರಿಗೆ ತಾನೇ ಸುಸ್ತಿಲ್ಲ? ಕೊಯ್ದ ಹಣ್ಣು ಅವತ್ತೇ ತೂಕ ಆಗಬೇಕು, ಅವತ್ತೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹೋಗಬೇಕು, ಕಣಕ್ಕೆ ಬೀಳಬೇಕು. ರಾತ್ರಿ ಒಂಬತ್ತಾದರೂ ಮನೆ ಸೇರಲು ಆಗುವುದಿಲ್ಲ. ಆದರೆ ಕೊಯ್ಲು ಮುಗಿದು, ನಾಲ್ಕು ದಿನ ಹೊಟ್ಟೆ ತುಂಬಾ ಉಂಡು, ಕಣ್ತುಂಬಾ ನಿದ್ದೆ ಮಾಡಿದರೆ ಆ ಸುಸ್ತು ಇಳಿಯುತ್ತದೆ. ಹೂಮಳೆ ಬಿದ್ದು ತೋಟ ಬೆಳ್ಳಗಾಗುವ ಹೊತ್ತಿಗೆ ಜನ ಮತ್ತೆ ನಗುತ್ತಾ ಓಡಾಡುತ್ತಾರೆ. ದುಡಿದ ದೇಹದ ದಣಿವು ಅದು. ದೇಹ ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ.

ಏಪ್ರಿಲ್‌ನಲ್ಲೂ ಇಳಿಯದ ಸುಸ್ತು ಬೇರೆ. ಬರ್ನ್‌ಔಟ್ ಅನ್ನುವ ಆ ಬಸವಳಿಕೆಯ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬರ ಕಥೆಯನ್ನೇ ಹಿಡಿದು ಹೇಳುತ್ತೇನೆ. ಅವರ ಒಪ್ಪಿಗೆ ತೆಗೆದುಕೊಂಡಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ರೈಟರ್ ಅಂತಲೇ ಕರೆಯೋಣ. ತೋಟದ ಕಡೆಯವರಲ್ಲದವರಿಗೆ ಒಂದು ಮಾತು: ಎಸ್ಟೇಟಿನಲ್ಲಿ ರೈಟರ್ ಅಂದರೆ ಬರೀ ಲೆಕ್ಕ ಬರೆಯುವವರಲ್ಲ. ಕೆಲಸದವರ ಹಾಜರಿ, ಹಣ್ಣಿನ ತೂಕ, ಬಟವಾಡೆ, ಗೊಬ್ಬರದ ದಾಸ್ತಾನು, ಲೈನ್‌ಮನೆಯ ಜಗಳ, ಆನೆ ಬಂದರೆ ಅದರ ಸುದ್ದಿ, ಎಲ್ಲವೂ ಅವರ ತಲೆ ಮೇಲೆ.

ಮೊದಲು ಫೋನ್ ಮಾಡಿದ್ದು ಅವರ ಹೆಂಡತಿ. "ಮೇಡಂ, ಇವರು ಮೊದಲಿನ ಹಾಗಿಲ್ಲ. ಮಕ್ಕಳ ಮೇಲೆ ರೇಗ್ತಾರೆ. ಇಲ್ಲಾಂದ್ರೆ ಮಾತೇ ಇಲ್ಲ. ಸೊಕ್ಕು ಬಂದಿದೆಯೋ, ಯಾರ ಸಹವಾಸನೋ ಗೊತ್ತಾಗ್ತಿಲ್ಲ" ಅಂದರು. ಮುಂದಿನ ವಾರ ಇಬ್ಬರೂ ಮೂಡಿಗೆರೆ ಕಡೆಯಿಂದ ಬಸ್ಸಿನಲ್ಲಿ ಬಂದರು. ರೈಟರ್‌ಗೆ ಮೂವತ್ತೆಂಟು ವರ್ಷ. ಒಂದೇ ತೋಟದಲ್ಲಿ ಹದಿನಾಲ್ಕು ವರ್ಷದ ಕೆಲಸ. ಮೊದಲು ಅಲ್ಲಿ ಇಬ್ಬರು ರೈಟರ್ ಇದ್ದರಂತೆ. ಒಬ್ಬರು ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಎರಡು ಕೊಯ್ಲು ಇವರೊಬ್ಬರೇ ದಾಟಿಸಿದ್ದರು.

ನಾನು ಏನೂ ಕೇಳುವ ಮೊದಲೇ ಅವರು ತೂಕದ ಕಥೆ ಹೇಳಿದರು. ಜನವರಿಯ ಒಂದು ಸಂಜೆ. ಚೀಲಗಳನ್ನು ಸಾಲಾಗಿ ಇಟ್ಟು ತೂಕ ಹಾಕುತ್ತಿದ್ದರು. ವಯಸ್ಸಾದ ಅಮ್ಮ ಒಬ್ಬರು, ತುಂಬಾ ವರ್ಷದಿಂದ ಆ ತೋಟದಲ್ಲೇ ಇರುವವರು, "ಅಣ್ಣ, ಇನ್ನೊಂದ್ಸಲ ನೋಡು, ಕಮ್ಮಿ ಬಂತು" ಅಂದರು. ಇವರು ಎಲ್ಲರೆದುರು ಬಾಯಿಗೆ ಬಂದಂತೆ ಬೈದರು. ಆ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದರು. "ಮೊದಲೂ ಒಂದೆರಡು ಸಲ ಬೈದಿದ್ದೀನಿ ಮೇಡಂ. ಆದ್ರೆ ಅವತ್ತು ರಾತ್ರಿ ಊಟ ಸೇರ್ತಿರ್ಲಿಲ್ಲ. ಈ ಸಲ ಏನೂ ಅನ್ನಿಸ್ಲಿಲ್ಲ. ಅದೇ ನನಗೆ ಹೆದರಿಕೆ ಆಗಿದ್ದು."

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯನ್ನು ಹೊಸದಾಗಿ ಮಾಡಿದಾಗ ಬರ್ನ್‌ಔಟ್ ಅನ್ನುವುದನ್ನು ಮೂರು ಗುರುತುಗಳಿಂದ ವಿವರಿಸಿತು. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ. ಕೆಲಸದ ಜಾಗದ ಒತ್ತಡ ಬಹಳ ದಿನ ಹಾಗೇ ಉಳಿದುಹೋದರೆ ಆಗುವ ಸ್ಥಿತಿ ಅಂತ ಹೇಳಿತು. ಮೊದಲನೆಯ ಗುರುತು, ಶಕ್ತಿಯೆಲ್ಲ ಬಸಿದುಹೋದ ಹಾಗಾಗುವುದು. ಎರಡನೆಯದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಇಲ್ಲವೇ ಅದರ ಬಗ್ಗೆ ಕಹಿ ತುಂಬಿಕೊಳ್ಳುವುದು. ಮೂರನೆಯದು, ತನ್ನ ಕೈಯಲ್ಲಿ ಏನೂ ಸರಿಯಾಗಿ ಆಗುತ್ತಿಲ್ಲ ಅನ್ನಿಸುವುದು.

ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದರಿಂದ ಮಾತ್ರ ಏನೂ ತೀರ್ಮಾನ ಮಾಡಲು ಆಗುವುದಿಲ್ಲ. ರಕ್ತ ಕಮ್ಮಿಯಾದರೂ ಸುಸ್ತು, ಥೈರಾಯ್ಡ್ ಏರುಪೇರಾದರೂ ಸುಸ್ತು. ನನ್ನ ಅನುಭವದಲ್ಲಿ ಹೆಚ್ಚು ಹೇಳುವುದು ಎರಡನೆಯ ಗುರುತು. ಮನೆಯವರಿಗೆ ಅರ್ಥವಾಗದೆ ಉಳಿಯುವುದೂ ಅದೇ. ಮನಸ್ಸಿಗೆ ಕೊಡಲು ಏನೂ ಉಳಿದಿಲ್ಲದಾಗ ಅದು ಬಾಗಿಲು ಹಾಕಿಕೊಳ್ಳುತ್ತದೆ. ರೋಗಿಯ ನರಳಾಟ ಕೇಳಿದರೂ ನರ್ಸ್‌ಗೆ ಏನೂ ಅನ್ನಿಸುವುದಿಲ್ಲ. ಮೇಷ್ಟ್ರಿಗೆ ಮಕ್ಕಳೆಲ್ಲ ಒಂದೇ ಥರ ಕಾಣುತ್ತಾರೆ. ರೈಟರ್‌ಗೆ ಆ ಅಮ್ಮ ಬರೀ ಒಂದು ತೂಕದ ತಕರಾರು. ಹೊರಗಿನಿಂದ ನೋಡಿದವರು ಇದನ್ನು ಸೊಕ್ಕು ಅಂತಾರೆ, ಕಲ್ಲುಮನಸ್ಸು ಅಂತಾರೆ. ಒಳಗಿದ್ದವರಿಗೆ ತಾನು ಕೆಟ್ಟವನಾಗಿಬಿಟ್ಟೆ ಅನ್ನುವ ಭಯ. ಎಷ್ಟೋ ಜನ ನನ್ನ ಎದುರು ಅತ್ತಿರುವುದು ಸುಸ್ತಿಗಲ್ಲ, ಈ ಭಯಕ್ಕೆ.

ಮೂರನೆಯ ಗುರುತು ರೈಟರ್‌ಗೆ ಹಾಜರಿ ಪುಸ್ತಕದಲ್ಲಿ ಕಾಣಿಸಿತ್ತು. ಹದಿನಾಲ್ಕು ವರ್ಷ ಕಣ್ಣುಮುಚ್ಚಿ ಕೂಡುತ್ತಿದ್ದ ಮೊತ್ತವನ್ನು ಈಗ ಮೂರು ಮೂರು ಸಲ ಕೂಡುತ್ತಿದ್ದರು. ಮೂರು ಸಲವೂ ಬೇರೆ ಬೇರೆ ಬರುತ್ತಿತ್ತು. ಬಟವಾಡೆಯಲ್ಲಿ ಒಬ್ಬರಿಗೆ ಎರಡು ದಿನದ ಕೂಲಿ ತಪ್ಪಿಹೋಗಿ, ಅದನ್ನು ತಮ್ಮ ಕೈಯಿಂದಲೇ ಕೊಟ್ಟಿದ್ದರು. "ನನಗೆ ವಯಸ್ಸಾಯ್ತು ಅನ್ಸುತ್ತೆ" ಅಂದರು. ಮೂವತ್ತೆಂಟಕ್ಕೆ!

ರಜೆ ಹಾಕಿದ್ದೀರಾ ಅಂತ ಕೇಳಿದೆ. ಹಾಕಿದ್ದರು. ಮಾರ್ಚ್‌ನಲ್ಲಿ ಮೂರು ದಿನ ಸಂಸಾರ ಸಮೇತ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗಿದ್ದರು. ಅಲ್ಲಿ ಚೆನ್ನಾಗಿತ್ತು. ಮಕ್ಕಳ ಜೊತೆ ನದಿಗೆ ಇಳಿದಿದ್ದರು, ನಕ್ಕಿದ್ದರು. ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪಿದರು. ಜೇಬಿನಲ್ಲಿದ್ದ ಮೊಬೈಲಿಗೆ ನೆಟ್‌ವರ್ಕ್ ಸಿಕ್ಕಿ ಟಣ್ ಟಣ್ ಅಂತ ಮೆಸೇಜು ಬೀಳತೊಡಗಿದವು. ಹೊಟ್ಟೆಯೊಳಗೆ ಹಗ್ಗ ಬಿಗಿದ ಹಾಗಾಯಿತು. ಅಲ್ಲಿ ನೀರುದೋಸೆಗೆ ನಿಂತವರು ಒಂದನ್ನೂ ತಿನ್ನಲು ಆಗದೆ ಎದ್ದರು. ಮೂರು ದಿನದ ರಜೆ ಘಾಟಿ ಹತ್ತುವಷ್ಟರಲ್ಲಿ ಮುಗಿದುಹೋಗಿತ್ತು.

ಈ ಒಂದು ಸಂಗತಿಯಿಂದ ನನಗೆ ಎರಡು ವಿಷಯ ತಿಳಿದವು. ಮೊದಲನೆಯದು, ಇದು ಖಿನ್ನತೆ ಇರಲಾರದು. ಖಿನ್ನತೆಯಾಗಿದ್ದರೆ ನದಿಯ ಹತ್ತಿರವೂ ಮನಸ್ಸು ಅರಳುವುದು ಕಷ್ಟ. ಅದು ಕೆಲಸ, ಮನೆ, ದೇವಸ್ಥಾನ ಅಂತ ನೋಡದೆ ಎಲ್ಲ ಕಡೆಯೂ ರುಚಿ ಕಸಿದುಕೊಳ್ಳುತ್ತದೆ. ಇವರ ರುಚಿ ಕೆಲಸ ಇಲ್ಲದ ಕಡೆ ಇನ್ನೂ ಉಳಿದಿತ್ತು. ಈ ಗೆರೆ ಯಾವಾಗಲೂ ಇಷ್ಟು ನೇರವಾಗಿರುವುದಿಲ್ಲ, ಒಂದರೊಳಗೊಂದು ಸೇರಿಕೊಂಡೂ ಇರುತ್ತದೆ. ಎರಡು ವಾರಕ್ಕಿಂತ ಜಾಸ್ತಿ ದಿನ, ಬೆಳಿಗ್ಗೆಯಿಂದ ರಾತ್ರಿ ತನಕ ಯಾವುದರಲ್ಲೂ ಆಸೆ ಇಲ್ಲ ಅಂದರೆ, ಅಥವಾ ಸತ್ತರೆ ಸಾಕು ಅಂತ ಅನ್ನಿಸುತ್ತಿದ್ದರೆ, ಇಲ್ಲಿ ಬರೆದಿರುವ ಸಣ್ಣ ಹೆಜ್ಜೆಗಳನ್ನು ನಂಬಿಕೊಂಡು ಕೂರಬೇಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಎರಡನೆಯದು, ಬರೀ ರಜೆಯಿಂದ ಇದು ಬಗೆಹರಿಯುವುದಿಲ್ಲ. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ತೂತು ಎಲ್ಲಿದೆ ಅಂತ ಹುಡುಕಬೇಕಿತ್ತು.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12. ಎಲ್ಲ ಸರಿ ಇತ್ತು. ಆಮೇಲೆ ಹತ್ತು ದಿನ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆ. ಲೆಕ್ಕ ಬರೆಯುವವರಿಗೆ ಇನ್ನೊಂದು ಲೆಕ್ಕ ಕೊಡೋದಾ ಅಂತ ನನಗೂ ಅಳುಕು ಇತ್ತು. ಅವರಿಗೆ ಅದೇ ಸುಲಭವಾಯಿತು. ಬಲಗಡೆ ಪುಟದಲ್ಲಿ ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ ಏನು ಮಾಡಿದೆ ಅಂತ. ಎಡಗಡೆ ಪುಟದಲ್ಲಿ ಆಗ ಮೈ ಮನಸ್ಸು ಹೇಗಿತ್ತು ಅಂತ ಒಂದೇ ಒಂದು ಮಾತು.

ನೋಟ್‌ಬುಕ್ ನೋಡಿದಾಗ ಇಬ್ಬರಿಗೂ ಆಶ್ಚರ್ಯ ಆಯಿತು. ಹಗಲಿಡೀ ನೆರಳಿನ ಮರಗಳ ಕೊಂಬೆ ಕಡಿಸಿ ಮರಗಸಿ ಮಾಡಿಸಿದ ದಿನ, ಗೊಬ್ಬರ ಹಾಕಿಸಿದ ದಿನ, ಎಡಗಡೆ ಪುಟದಲ್ಲಿ "ಪರವಾಗಿಲ್ಲ" ಅಂತ ಇತ್ತು. ಬಿಸಿಲಲ್ಲಿ ಗುಡ್ಡ ಹತ್ತಿಳಿದರೂ ಪರವಾಗಿಲ್ಲ. ಸಂಜೆ ಏಳರಿಂದ ಹತ್ತರ ತನಕ ಮಾತ್ರ ದಿನಾ ಒಂದೇ ಮಾತು: "ಎದೆ ಭಾರ." ಆ ಹೊತ್ತಿನಲ್ಲಿ ಏನು ಕೆಲಸ ಅಂತ ಕೇಳಿದೆ. "ಏನೂ ಇಲ್ಲ ಮೇಡಂ. ಸಾವ್ಕಾರ್ರು ಬೆಂಗಳೂರಿಂದ ಫೋನ್ ಮಾಡ್ತಾರೆ. ಅದಕ್ಕೆ ಕಾಯೋದು." ಒಂದು ದಿನ ಎಂಟಕ್ಕೆ ಬರುತ್ತಿತ್ತು, ಒಂದು ದಿನ ಹತ್ತೂ ಕಾಲಿಗೆ. ಕೆಲವು ದಿನ ಬರುತ್ತಲೇ ಇರಲಿಲ್ಲ. ಏನು ಕೇಳುತ್ತಾರೋ, ಯಾವ ತಪ್ಪು ಹಿಡಿಯುತ್ತಾರೋ ಅಂತ ಮನಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಳ್ಳುತ್ತಾ ಕೂರುವುದು. ಎಂಟು ಗಂಟೆಗೆ ಒಂದು ದೊಡ್ಡ ಲೋಟ ಕಾಫಿ. ಫೋನ್ ಮುಗಿದ ಮೇಲೆ ನಿದ್ದೆ ಬರಲಿ ಅಂತ ಎರಡು ಪೆಗ್ಗು.

ಗಂಟೆಗಳನ್ನು ಕೂಡಿದೆವು. ಕಣ್ಣಿಗೆ ಕಾಣುವ ಕೆಲಸ ವಾರಕ್ಕೆ 64 ಗಂಟೆ. ಅದೇ ಜಾಸ್ತಿ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಆಗುವ ಅಪಾಯ, 35ರಿಂದ 40 ಗಂಟೆ ದುಡಿಯುವವರಿಗಿಂತ ಶೇಕಡಾ 35ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಹೇಳಿವೆ. ಅದರ ಮೇಲೆ ಈ ಕಾಯುವ ಹೊತ್ತು ದಿನಕ್ಕೆ ಮೂರು ಗಂಟೆ, ವಾರಕ್ಕೆ 21. ಅದನ್ನು ಅವರು ಇಲ್ಲಿಯ ತನಕ ಕೆಲಸ ಅಂತ ಎಣಿಸಿಯೇ ಇರಲಿಲ್ಲ. ಹೆಂಡತಿಯೂ ಎಣಿಸಿರಲಿಲ್ಲ. ಮನೆಯಲ್ಲೇ ಸುಮ್ನೆ ಕೂತಿದ್ದಾರಲ್ಲ, ಮಕ್ಕಳ ಜೊತೆ ಮಾತಾಡಬಾರದಾ ಅಂತ ಅವರ ಬೇಸರ.

ಜರ್ಮನಿಯ ಸಬೀನೆ ಸೊನ್ನೆಂಟಾಗ್ ಅನ್ನುವ ಮನಶ್ಶಾಸ್ತ್ರಜ್ಞೆ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ದೇಹ ಮನೆಗೆ ಬಂದರೆ ಸಾಲದು, ಮನಸ್ಸೂ ಕೆಲಸ ಬಿಟ್ಟು ಬರಬೇಕು, ಆಗಲೇ ದಣಿವು ಇಳಿಯುವುದು ಅನ್ನುವುದು ಅವರ ಕೆಲಸದ ತಿರುಳು. ರೈಟರ್ ಪ್ರತಿ ಸಂಜೆ ಮನೆಯಲ್ಲೇ ಕೂತು ತೋಟದಲ್ಲಿ ಇರುತ್ತಿದ್ದರು. ತೂತು ಇಲ್ಲಿತ್ತು.

ಇದಕ್ಕೆ ಏನು ಮಾಡುವುದು? ಫೋನ್ ಆಫ್ ಮಾಡಿ ಅನ್ನುವುದು ಸುಲಭ. ಹೊಟ್ಟೆಪಾಡಿನ ಕೆಲಸದಲ್ಲಿ ಇರುವವರಿಗೆ ಹಾಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಮಾಲೀಕರ ಹತ್ತಿರ ಮಾತಾಡಲೇಬೇಕಿತ್ತು. ಮೊದಲ ಸಲ ಅವರು ತಾವೇ ಹೋಗಿ "ಕೆಲಸ ಜಾಸ್ತಿ ಆಗಿದೆ" ಅಂದಿದ್ದರು. "ಯಾರಿಗಿಲ್ಲ ಹೇಳು, ಎಲ್ಲರಿಗೂ ಜಾಸ್ತಿನೇ ಅಲ್ವಾ" ಅಂತ ಉತ್ತರ ಬಂತು. ಮಾತು ಅಲ್ಲಿಗೆ ಮುಗಿಯಿತು. ಕಷ್ಟವನ್ನು ಬಿಡಿಸಿ ಹೇಳದಿದ್ದರೆ ಬರೀ ಬಾಯಿಮಾತಿನ ಸಮಾಧಾನ ಸಿಗುತ್ತದೆ. ಎರಡನೆಯ ಸಲ ಹೋಗುವ ಮೊದಲು ಒಂದೇ ಒಂದು ಕೋರಿಕೆ ತೀರ್ಮಾನ ಮಾಡಿಕೊಂಡೆವು. ನನ್ನೆದುರು ಎರಡು ಸಲ ಹೇಳಿ ನೋಡಿದರು. "ಸಾರ್, ದಿನಾ ಆರೂವರೆಗೆ ಹಾಜರಿ, ತೂಕ, ದಾಸ್ತಾನು ಎಲ್ಲಾ ಒಂದೇ ಮೆಸೇಜಲ್ಲಿ ಹಾಕ್ತೀನಿ. ಏಳು ಗಂಟೆಗೆ ನೀವು ಫೋನ್ ಮಾಡಿದ್ರೆ ಪುಸ್ತಕ ಮುಂದೆ ಇಟ್ಕೊಂಡೇ ಉತ್ತರ ಕೊಡ್ತೀನಿ, ತಪ್ಪಾಗಲ್ಲ. ಆಮೇಲೆ ಆನೆನೋ ಬೆಂಕಿನೋ ಆಸ್ಪತ್ರೆನೋ ಇದ್ರೆ ಮನೆಯವಳ ನಂಬರಿಗೆ ಮಾಡಿ, ತಕ್ಷಣ ಓಡ್ತೀನಿ." ಮಾಲೀಕರು ಒಪ್ಪಿದರು. ಅವರಿಗೂ ಸರಿಯಾದ ಲೆಕ್ಕ ಒಂದೇ ಹೊತ್ತಿಗೆ ಸಿಗುತ್ತಿತ್ತು. ಇನ್ನೊಬ್ಬ ರೈಟರ್ ಬೇಕು ಅನ್ನುವುದಕ್ಕೆ ಮಾತ್ರ ಒಪ್ಪಲಿಲ್ಲ. ಕೊಯ್ಲಿನಲ್ಲಿ ತೂಕದ ಪುಸ್ತಕ ಬರೆಯಲು ಒಬ್ಬ ಹುಡುಗನನ್ನು ಕೊಡುತ್ತೇನೆ ಅಂದರು.

ಏಳೂ ಕಾಲಿಗೆ ಫೋನ್ ಮುಗಿದ ಮೇಲೆ ಮೊಬೈಲು ಅಡುಗೆಮನೆಯ ಮಾಡಿಗೆ. ಬೂಟು ಬಿಚ್ಚಿ, ಹಂಡೆಯ ಬಿಸಿನೀರಲ್ಲಿ ಸ್ನಾನ, ಬೇರೆ ಬಟ್ಟೆ. ಮೊದಲು ಸ್ನಾನ ಮಲಗುವ ಮುಂಚೆ ಇತ್ತು. ಅದನ್ನು ಕೆಲಸ ಮುಗಿದ ತಕ್ಷಣಕ್ಕೆ ತಂದೆವು, ಅಷ್ಟೇ. ಇಲ್ಲಿಗೆ ತೋಟ ಮುಗಿಯಿತು ಅಂತ ಮೈಗೆ ಒಂದು ಗುರುತು ಬೇಕಾಗುತ್ತದೆ. ಕಚೇರಿಯಲ್ಲಿ ಇರುವವರಿಗೆ ಬಸ್ಸಿನ ಅರ್ಧ ಗಂಟೆ ಈ ಕೆಲಸ ಮಾಡುತ್ತದೆ. ತೋಟದ ಕ್ವಾರ್ಟರ್ಸ್‌ನಲ್ಲಿ ಇರುವವರಿಗೆ ಆ ದಾರಿಯೇ ಇಲ್ಲ.

ಕಾಫಿ ಮತ್ತು ಪೆಗ್ಗಿನ ವಿಷಯ ಸ್ವಲ್ಪ ಕಷ್ಟ ಕೊಟ್ಟಿತು. ಕುಡಿದ ಕಾಫಿಯ ಕೆಫೀನ್ ಅಂಶದಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಎಂಟರ ಕಾಫಿ ನಡುರಾತ್ರಿ ಕಳೆದು ಒಂದು ಗಂಟೆಯಾದರೂ ಅರ್ಧ ಮೈಯಲ್ಲೇ ಇರುತ್ತದೆ. ಹೆಂಡ ನಿದ್ದೆ ತರುತ್ತದೆ ನಿಜ, ಆದರೆ ರಾತ್ರಿಯ ಎರಡನೆಯ ಅರ್ಧದಲ್ಲಿ ಅದೇ ನಿದ್ದೆ ಕೆಡಿಸುತ್ತದೆ. ಅವರಿಗೆ ಮೂರು ಗಂಟೆಗೆ ಎಚ್ಚರವಾಗುತ್ತಿದ್ದದ್ದು ಹೀಗೆ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ ಅಂದೆ. ಪೆಗ್ಗು ಎರಡರಿಂದ ಒಂದು, ಆಮೇಲೆ ಶನಿವಾರ ಮಾತ್ರ. ಮೊದಲ ಹತ್ತು ದಿನ ನಿದ್ದೆ ಇನ್ನೂ ಕೆಟ್ಟಿತು. ಅದು ಸಹಜ, ಮೊದಲೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ. ದಿನಾ ಜಾಸ್ತಿ ಕುಡಿಯುವವರು, ಕುಡಿಯದಿದ್ದರೆ ಕೈ ನಡುಗುವವರು ಮಾತ್ರ ಹೀಗೆ ತಾವಾಗಿ ಬಿಡಲು ಹೋಗಬಾರದು. ಡಾಕ್ಟರ ಕಣ್ಣೆದುರೇ ಬಿಡಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ.

ಸಂಜೆ ಖಾಲಿ ಆಯಿತು. ಈಗ ಹೊಸ ತೊಂದರೆ. "ಸುಮ್ನೆ ಕೂತ್ರೆ ಏನೋ ತಪ್ಪು ಮಾಡ್ತಿದ್ದೀನಿ ಅನ್ಸುತ್ತೆ ಮೇಡಂ." ಮೂರನೆಯ ವಾರ ಅವರು ಮತ್ತೆ ಮಾಡಿನಿಂದ ಮೊಬೈಲು ತೆಗೆದು ನೋಡತೊಡಗಿದ್ದರು. ಖಾಲಿ ಹೊತ್ತಿಗೆ ಏನಾದರೂ ಬೇಕು, ಆದರೆ ಅದು ಯಾರಿಗೂ ಲೆಕ್ಕ ಕೊಡುವಂಥದ್ದು ಆಗಿರಬಾರದು. ಮೊದಲು ಏನು ಇಷ್ಟ ಇತ್ತು ಅಂತ ಕೇಳಿದೆ. ಬಹಳ ಹೊತ್ತು ನೆನಪೇ ಆಗಲಿಲ್ಲ. ಕೊನೆಗೆ ಹೆಂಡತಿಯೇ ಹೇಳಿದರು, "ಜೇನು ಸಾಕ್ತಿದ್ರಲ್ಲ." ಮನೆ ಹಿಂದೆ ನಾಲ್ಕು ತುಡುವೆ ಜೇನಿನ ಪೆಟ್ಟಿಗೆ ಇದ್ದವಂತೆ. ಇನ್ನೊಬ್ಬ ರೈಟರ್ ಬಿಟ್ಟು ಹೋದ ವರ್ಷ ನೋಡಿಕೊಳ್ಳಲು ಆಗದೆ ಹುಳ ಎಲ್ಲಾ ಹಾರಿಹೋಗಿದ್ದವು. ನಾಲ್ಕನ್ನೂ ಮತ್ತೆ ಶುರು ಮಾಡುತ್ತೇನೆ ಅಂತ ಹೊರಟರು. ಒಂದೇ ಸಾಕು ಅಂತ ತಡೆದೆ. ಬಸವಳಿದ ಜನ ಚೇತರಿಸಿಕೊಳ್ಳುವುದನ್ನೂ ಕೊಯ್ಲಿನ ಹಾಗೆ ಮಾಡಲು ಹೋಗುತ್ತಾರೆ. ಆ ತಪ್ಪು ನಾನು ಬಹಳ ನೋಡಿದ್ದೇನೆ. ಒಂದು ಪೆಟ್ಟಿಗೆಯ ಹಲಗೆ ಉಜ್ಜಿ, ಮೇಣ ಸವರಿ ಇಟ್ಟರು. ಚಿಕ್ಕ ಮಗಳು ಟಾರ್ಚ್ ಹಿಡಿದಳು.

ಏಳನೆಯ ವಾರಕ್ಕೆ ಬಂದಾಗ ನಿದ್ದೆ ಆರು ಗಂಟೆ ಬರುತ್ತಿತ್ತು. ಮೊತ್ತ ಒಂದೇ ಸಲಕ್ಕೆ ಸರಿ ಬರುತ್ತಿತ್ತು. ಸುಸ್ತು ಪೂರ್ತಿ ಹೋಗಿರಲಿಲ್ಲ. ಎರಡು ವರ್ಷದಲ್ಲಿ ಬಸಿದದ್ದು ಏಳು ವಾರದಲ್ಲಿ ತುಂಬುವುದಿಲ್ಲ. ಅವರು ಗಮನಿಸಿದ ಇನ್ನೊಂದು ಬದಲಾವಣೆ ನನಗೆ ಹೆಚ್ಚು ಭರವಸೆ ಕೊಟ್ಟಿತು. ಮಳೆಗಾಲ ಶುರುವಾದಾಗ ಲೈನ್‌ಮನೆಯ ಮಗುವೊಂದಕ್ಕೆ ಜ್ವರ ಬಂದು, ಇವರಿಗೆ ರಾತ್ರಿ ಅದೇ ಯೋಚನೆ ಆಗಿ ಬೆಳಿಗ್ಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದರು. ಮುಚ್ಚಿದ ಬಾಗಿಲು ಒಂದಿಷ್ಟು ತೆರೆದಿತ್ತು.

ಒಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಬರ್ನ್‌ಔಟ್ ಬಗ್ಗೆ ದಶಕಗಳಿಂದ ಕೆಲಸ ಮಾಡಿರುವ ಕ್ರಿಸ್ಟಿನಾ ಮಾಸ್ಲಾಕ್, ದೋಷವನ್ನು ಮನುಷ್ಯನಲ್ಲಿ ಮಾತ್ರ ಹುಡುಕಬೇಡಿ, ಕೆಲಸಕ್ಕೂ ಮನುಷ್ಯನಿಗೂ ಎಲ್ಲಿ ಹೊಂದಿಕೆ ತಪ್ಪಿದೆ ನೋಡಿ ಅಂತ ಹೇಳುತ್ತಲೇ ಬಂದಿದ್ದಾರೆ. ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ನ್ಯಾಯ, ಸಿಗುವ ಮನ್ನಣೆ ಇವೆಲ್ಲ ಅದರಲ್ಲಿ ಬರುತ್ತವೆ. ರೈಟರ್‌ಗೆ ನಾವು ಸಂಜೆಯ ಮೇಲೆ ಹಿಡಿತ ತಂದುಕೊಟ್ಟೆವು. ಹೊರೆ ಹಾಗೇ ಇದೆ. ಇಬ್ಬರು ಮಾಡುವ ಕೆಲಸವನ್ನು ಒಬ್ಬರೇ ಮಾಡುತ್ತಿದ್ದಾರೆ. ಆ ಖಾಲಿ ಜಾಗವನ್ನು ಆಪ್ತಸಮಾಲೋಚನೆ ತುಂಬುವುದಿಲ್ಲ. ಮಾಲೀಕರು, ಮ್ಯಾನೇಜರ್‌ಗಳು ಇದನ್ನು ಓದುತ್ತಿದ್ದರೆ ಕೇಳಿಕೊಳ್ಳುತ್ತೇನೆ: ನಿಮ್ಮಲ್ಲಿ ಯಾರಾದರೂ ಬಿಟ್ಟು ಹೋಗಿ ಆ ಕೆಲಸ ಹೇಗೋ ನಡೆಯುತ್ತಿದ್ದರೆ, ಯಾರ ಸಂಜೆಯಿಂದ ನಡೆಯುತ್ತಿದೆ ಅಂತ ಒಮ್ಮೆ ನೋಡಿ.

ಕಳೆದ ಜನವರಿಯಲ್ಲಿ, ಕೊಯ್ಲಿನ ನಡುವೆ, ರೈಟರ್ ಫೋನ್ ಮಾಡಿದ್ದರು. ಪಲ್ಪರ್ ಕೆಲಸ ಒಂಬತ್ತರ ತನಕ ಹೋಗುತ್ತಿದೆ, ಏಳರ ಫೋನ್ ಆಗುತ್ತಿಲ್ಲ, ಹೊಟ್ಟೆಯ ಬಿಗಿತ ಮತ್ತೆ ಶುರುವಾಗಿದೆ ಅಂದರು. ಆದರೆ ಈ ಸಲ ಮೂರನೆಯ ದಿನಕ್ಕೇ ಗುರುತಿಸಿದ್ದರು. ನೋಟ್‌ಬುಕ್ ಮತ್ತೆ ತೆಗೆಯಿರಿ ಅಂದೆ. "ತೆಗ್ದಿದ್ದೀನಿ ಮೇಡಂ" ಅಂದರು. ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ಅಂತ ಸಾವ್ಕಾರರಿಗೆ ಆಗಲೇ ಹೇಳಿಯೂ ಆಗಿತ್ತಂತೆ. ಆ ಅಮ್ಮ ಹೇಗಿದ್ದಾರೆ ಅಂತ ಕೇಳಿದೆ. ಈಗಲೂ ತೂಕ ಕಮ್ಮಿ ಬಂತು ಅಂತಾರಂತೆ. ಇವರು ಚೀಲ ಇನ್ನೊಂದು ಸಲ ತಕ್ಕಡಿಗೆ ಎತ್ತಿಡುತ್ತಾರಂತೆ.